ಜಾಕೆಟ್ ಬಟನ್ ಫೋಟೋ ನೋಡಿ ಗುರುತಿಸುವುದು: ಒಳಗಿರುವುದು ಎರಡು ತಂತಿಯಾ, ಬಳೆಯಾ?

“ಅಪ್ಪನ ಹಳೇ ಜಾಕೆಟ್‌ನ ಬಟನ್ ಒಂದು ಕಿತ್ತು ಬಂದಿದೆ. ಟಿಚ್ ಬಟನ್ನಾ, ರಿವೆಟ್ಟಾ, ಮ್ಯಾಗ್ನೆಟ್ಟಾ ಗೊತ್ತಾಗ್ತಿಲ್ಲ. ನಾಲ್ಕು ಫೋಟೋ ಹಾಕಿದ್ದೀನಿ. ಚಿಕ್ಕಪೇಟೆಗೆ ಹೋಗಿ ಏನಂತ ಕೇಳಲಿ?”

ಟಿಚ್ ಬಟನ್ನೇ. ಅನುಮಾನ ಬೇಡ. ಆದರೆ ಚಿಕ್ಕಪೇಟೆಯಲ್ಲಿ ಸುಮ್ನೆ ‘ಟಿಚ್ ಬಟನ್ ಕೊಡಿ’ ಅಂದರೆ ಬ್ಲೌಸಿಗೆ ಹೊಲಿಯುವುದರಿಂದ ಹಿಡಿದು ಬ್ಯಾಗಿಗೆ ಹೊಡೆಯುವುದರ ತನಕ ಎಲ್ಲವನ್ನೂ ಮುಂದೆ ಇಡುತ್ತಾರೆ. ನಿಮಗೆ ಬೇಕಾದದ್ದು ಯಾವುದು ಅಂತ ನಿಮ್ಮ ಎರಡನೇ ಫೋಟೋದಲ್ಲಿದೆ. ನಾನು ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಬಟನ್, ಜಿಪ್ ಎಲ್ಲ ಬರುವ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಅಲ್ಲಿ ನಾವು ಮೊದಲು ಬಟನ್ ತಿರುಗಿಸಿ ಒಳಬದಿ ನೋಡುತ್ತಿದ್ದೆವು, ಮುಖ ಆಮೇಲೆ.

ಮೊದಲನೇ ಫೋಟೋದಲ್ಲಿ ಕಾಣುವುದು ಬರೀ ಮೇಲಿನ ಟೋಪಿ. ಚಪ್ಪಟೆ, ಬೂದು ಬಣ್ಣ, ನಯವಾಗಿದೆ. ಇಂಥ ಟೋಪಿ ಟಿಚ್ ಬಟನ್‌ಗೂ ಇರುತ್ತದೆ, ಜೀನ್ಸ್ ಬಟನ್‌ಗೂ ಇರುತ್ತದೆ, ರಿವೆಟ್‌ಗೂ ಇರುತ್ತದೆ. ಅದನ್ನು ನೋಡಿ ಯಾವ ಜಾತಿ ಅಂತ ಯಾರೂ ಹೇಳಲಾರರು. ರಿವೆಟ್ ಅಲ್ಲ ಅಂತ ನಾನು ಹೇಳಿದ್ದು ಬೇರೆ ಕಾರಣಕ್ಕೆ. ರಿವೆಟ್‌ಗೆ ಜೋಡಿ ಇರುವುದಿಲ್ಲ, ಅದು ಬಟ್ಟೆಯನ್ನು ಹಿಡಿದುಕೊಂಡು ಅಲ್ಲೇ ಕೂರುತ್ತದೆ ಅಷ್ಟೇ. ನಿಮ್ಮ ಜಾಕೆಟ್‌ನ ಎದುರು ಪಟ್ಟಿಯಲ್ಲಿ ಗುಬುಟು ಇರುವ ಗಂಡು ಭಾಗ ಕಾಣುತ್ತಿದೆ.

ಎರಡನೇ ಫೋಟೋ ಚೆನ್ನಾಗಿ ಬಂದಿದೆ. ಪಕ್ಕದ ಸರಿಯಿರುವ ಬಟನ್‌ನ ಒಳಬದಿ ಅದು, ಅಂದರೆ ಹೆಣ್ಣು ಭಾಗ. ದೊಡ್ಡದು ಮಾಡಿ ನೋಡಿ. ನಡುವಿನ ಕುಳಿಯ ಎಡಕ್ಕೊಂದು ಬಲಕ್ಕೊಂದು ಸಣ್ಣ ತಂತಿ ನೇರವಾಗಿ ಹಾದು ಹೋಗಿದೆ. ಗಂಡು ಭಾಗದ ತಲೆ ದಪ್ಪ, ಕುತ್ತಿಗೆ ಸಣ್ಣ. ಒತ್ತಿದಾಗ ತಲೆ ಈ ಎರಡು ತಂತಿಗಳನ್ನು ಅತ್ತಿತ್ತ ಸರಿಸಿ ಒಳಗೆ ಹೋಗುತ್ತದೆ. ತಂತಿಗಳು ವಾಪಸ್ ಬಂದು ಕುತ್ತಿಗೆಯನ್ನು ಹಿಡಿಯುತ್ತವೆ. ಟಿಕ್ ಅನ್ನುವ ಸದ್ದು ಅದರದೇ. ಇದನ್ನು ಎಸ್ ಸ್ಪ್ರಿಂಗ್ ಅಂತಾರೆ. ಅಂಗಡಿಯಲ್ಲಿ ಹಾಗೇ ಕೇಳಿ.

ಎರಡು ತಂತಿಯ ಬದಲು ಒಂದೇ ತಂತಿ, ಒಂದು ಕಡೆ ಸೀಳಿದ ಬಳೆಯ ಹಾಗೆ ಕುಳಿಯ ಸುತ್ತ ಕೂತಿದ್ದರೆ ಅದು ರಿಂಗ್ ಸ್ಪ್ರಿಂಗ್. ಅದು ಸುತ್ತಲಿಂದ ಹಿಡಿಯುವುದರಿಂದ ಬಿಗಿ ಜಾಸ್ತಿ. ಲೆದರ್, ದಪ್ಪ ಕ್ಯಾನ್ವಾಸ್, ಬ್ಯಾಗಿಗೆ ಸರಿ. ತೆಳು ಬಟ್ಟೆಗೆ ಹೊಡೆದರೆ ಬಿಚ್ಚುವಾಗ ಬಟನ್ ಬಿಡುವ ಮುಂಚೆ ಬಟ್ಟೆಯೇ ಹರಿಯಬಹುದು. ಮ್ಯಾಗ್ನೆಟ್ ಆಗಿದ್ದರೆ ಒಳಗೆ ತಂತಿಯೇ ಇರುತ್ತಿರಲಿಲ್ಲ. ಹಿಂದೆ ಲೈನಿಂಗ್ ಕೆಳಗೆ ಎರಡು ಚಪ್ಪಟೆ ಕಾಲು ಮಡಚಿಕೊಂಡಿರುತ್ತವೆ, ಕೈಯಲ್ಲಿ ಮುಟ್ಟಿದರೆ ಗೊತ್ತಾಗುತ್ತದೆ. ಮಕ್ಕಳ ಬಟ್ಟೆಯದು ಇನ್ನೊಂದು ಥರ. ಅದರಲ್ಲಿ ಮೇಲೆ ಟೋಪಿಯ ಬದಲು ಸಾಮಾನ್ಯವಾಗಿ ಬರೀ ಉಂಗುರ ಇರುತ್ತದೆ, ನಡುವೆ ಬಟ್ಟೆ ಕಾಣುತ್ತದೆ, ಉಂಗುರದ ಹಲ್ಲುಗಳು ಬಟ್ಟೆಯನ್ನು ಚುಚ್ಚಿ ಹಿಡಿದಿರುತ್ತವೆ.

ಮೇಲೆ ಟೈಲರ್ ಅಣ್ಣ ಟೋಪಿ ಅಳತೆ ತಗೊಂಡರೆ ಸಾಕು ಅಂದಿದ್ದಾರೆ. ಅಳತೆ ಬೇಕು, ಅದು ನಿಜ. ನೀವು ಪಕ್ಕದಲ್ಲಿ 10 ರೂಪಾಯಿ ನಾಣ್ಯ ಇಟ್ಟಿದ್ದು ಒಳ್ಳೆಯದಾಯಿತು, ಅದರ ಅಗಲ 27 ಮಿ.ಮೀ. ಒಂದು ರೂಪಾಯಿ ಇಟ್ಟಿದ್ದರೆ ಹಳೆಯದಾ ಹೊಸದಾ ಅಂತ ಮತ್ತೆ ಕೇಳಬೇಕಿತ್ತು, ಅವುಗಳ ಸೈಜ್ ಬೇರೆ ಬೇರೆ. ನಿಮ್ಮ ಟೋಪಿ ನಾಣ್ಯದ ಅರ್ಧಕ್ಕಿಂತ ಚೂರು ಜಾಸ್ತಿ ಇದೆ, ಅಂದರೆ ಸುಮಾರು 15 ಮಿ.ಮೀ. ಬಟನ್ ಅಂಗಡಿಯ ಲೆಕ್ಕದಲ್ಲಿ 40 ಲೈನ್ ಅಂದರೆ ಒಂದು ಇಂಚು, ಹಾಗಾಗಿ ನಿಮ್ಮದು 24 ಲೈನ್.

ಆದರೆ ಅಣ್ಣಾ, ಅಷ್ಟೇ ಸಾಲದು. ಟೋಪಿ 15 ಮಿ.ಮೀ. ಇರುವ ಎರಡು ಬಟನ್‌ಗಳ ಗಂಡು ತಲೆ ಒಂದೇ ಸೈಜ್ ಇರಬೇಕೆಂದಿಲ್ಲ. ಇವರ ಜಾಕೆಟ್‌ನಲ್ಲಿ ಗಂಡು ಭಾಗ ಹಳೆಯದೇ ಉಳಿದಿದೆ. ಹೊಸ ಹೆಣ್ಣು ಅದಕ್ಕೆ ಕೂರದಿದ್ದರೆ ಒಂದೋ ಲೂಸ್ ಆಗಿ ತಾನೇ ಬಿಚ್ಚಿಕೊಳ್ಳುತ್ತದೆ, ಇಲ್ಲಾ ಬಿಗಿಯಾಗಿ ಮತ್ತೆ ಕಿತ್ತು ಬರುತ್ತದೆ. ಜಾಕೆಟ್ಟನ್ನೇ ತಗೊಂಡು ಹೋಗಿ. ಹೊಸ ಹೆಣ್ಣು ಭಾಗವನ್ನು ಹಳೇ ಗಂಡಿನ ಮೇಲೆ ಅಲ್ಲೇ ಒತ್ತಿ ನೋಡಿ. ಕೂರದಿದ್ದರೆ ಟೋಪಿ, ಹೆಣ್ಣು, ಗಂಡು, ಗಂಡಿನ ಹಿಂದಿನ ತುಂಡು, ನಾಲ್ಕೂ ಹೊಸದು ಹಾಕಿಸುವುದೇ ವಾಸಿ.

ಇನ್ನು ಕಿತ್ತು ಬಂದಿದ್ದು ಯಾಕೆ? ಮೂರನೇ ಫೋಟೋದಲ್ಲಿ ಕಳಚಿದ ಟೋಪಿ, ಅದರ ಹಿಂದಿನ ಸಣ್ಣ ಕೊಳವೆ ಇದೆ. ಈ ಕೊಳವೆ ಬಟ್ಟೆ ದಾಟಿ ಹೆಣ್ಣು ಭಾಗದೊಳಗೆ ಹೋಗಿ ಸುತ್ತಲೂ ಒಂದೇ ಸಮ ಸುರುಳಿಯಾಗಿ ಮಡಚಿಕೊಳ್ಳಬೇಕು. ನಿಮ್ಮದರ ತುದಿ ಒಂದು ಪಕ್ಕಕ್ಕೆ ವಾಲಿದಂತೆ, ಸೀಳಿದಂತೆ ಕಾಣುತ್ತದೆ. ಕೊಳವೆ ಬಟ್ಟೆಯ ದಪ್ಪಕ್ಕಿಂತ ತುಂಬಾ ಉದ್ದ ಇದ್ದರೆ ಹೀಗೆ ವಾಲುತ್ತದೆ. ಬಟನ್ ಹೊಡೆಯುವ ಅಚ್ಚು, ಅಂದರೆ ಡೈ, ಸೊಟ್ಟಗೆ ಕೂತು ಏಟು ಬಿದ್ದರೂ ಹೀಗೇ ಆಗುತ್ತದೆ. ಗಿಡ್ಡ ಇದ್ದರೆ ಬೇರೆ ಕಥೆ, ಆಗ ಸುರುಳಿಯೇ ಆಗದೆ ಜಾರಿ ಬರುತ್ತದೆ, ಸೀಳಿರುವುದಿಲ್ಲ. ನಿಮ್ಮದು ಮೊದಲಿನದಾ ಎರಡನೆಯದಾ ಅಂತ ಈ ಫೋಟೋದಲ್ಲಿ ಹೇಳಲಾಗದು, ಫೋಕಸ್ ಬಟ್ಟೆಯ ಮೇಲೆ ಹೋಗಿದೆ. ಫ್ಲ್ಯಾಶ್ ಬೇಡ, ಲೋಹ ಹೊಳೆದು ಎಲ್ಲ ಬೆಳ್ಳಗಾಗುತ್ತದೆ. ಕಿಟಕಿ ಪಕ್ಕ ಇಟ್ಟು, ಬೆಳಕು ಪಕ್ಕದಿಂದ ಬೀಳುವ ಹಾಗೆ ಕೊಳವೆಯ ತುದಿಯನ್ನು ಇನ್ನೊಮ್ಮೆ ತೆಗೆದು ಹಾಕಿ. ಹೆಣ್ಣು ಭಾಗ ಸಿಕ್ಕಿದ್ದರೆ ಅದನ್ನೂ ಹಾಕಿ.

ನಾಲ್ಕನೇ ಫೋಟೋದ್ದು ಬಟನ್ನೇ ಅಲ್ಲ. ಒಬ್ಬರು ಟಾಗಲ್ ಅಂದಿದ್ದಾರೆ, ಇನ್ನೊಬ್ಬರು ಅಲ್ಲ ಅಂತ ವಾದ ಮಾಡಿದ್ದಾರೆ. ಅಂಗಡಿಯಲ್ಲಿ ಎರಡಕ್ಕೂ ಆ ಹೆಸರು ಓಡುತ್ತದೆ. ಕೋಟಿನ ಟಾಗಲ್ ಅಂದರೆ ಮರದ್ದೋ ಕೊಂಬಿನದೋ ಉದ್ದನೆ ತುಂಡು, ಎದುರಿನ ಕುಣಿಕೆಗೆ ತೂರಿಸುವುದು. ನಿಮ್ಮದರಲ್ಲಿ ದಾರ ಅಡ್ಡಲಾಗಿ ಹಾದಿದೆ, ಮೇಲೆ ಒತ್ತುವ ಗುಬುಟು ಇದೆ. ಅದು ದಾರವನ್ನು ಬಿಗಿಹಿಡಿಯುವ ಸ್ಟಾಪರ್. ಹಾಳಾಗಿಲ್ಲ, ಬಿಟ್ಟುಬಿಡಿ.

ಸ್ಕೂಲ್ ಬ್ಯಾಗ್ ಜಿಪ್ ಕೇಳಿದ ಮೇಡಂ, ನಿಮ್ಮ ಫೋಟೋದಲ್ಲಿ ಹಲ್ಲು ಬಿಡಿಬಿಡಿಯಾಗಿಲ್ಲ, ಒಂದೇ ನೈಲಾನ್ ಎಳೆ ಸುರುಳಿಯಾಗಿ ಓಡಿದೆ. ಅದು ಕಾಯಿಲ್ ಜಿಪ್. ಸುರುಳಿ ಎಲ್ಲೂ ಹರಿದಿಲ್ಲ, ರನ್ನರ್ ದಾಟಿದ ಮೇಲೆ ಬಾಯಿ ಬಿಡುತ್ತಿದೆ ಅಂದರೆ ಸವೆದಿರುವುದು ರನ್ನರ್. ಅದರ ಹಿಂಬದಿಯಲ್ಲಿ 5 ಅಂತಲೋ 8 ಅಂತಲೋ ಇದ್ದರೆ ಅದೇ ನಂಬರಿನ ಕಾಯಿಲ್ ರನ್ನರ್ ಕೇಳಿ. ಇಡೀ ಜಿಪ್ ಬದಲಿಸಲು ದುಡ್ಡು ಹಾಕಬೇಡಿ.

ಜಾಕೆಟ್‌ಗೆ ವಾಪಸ್ ಬಂದರೆ, ಬಟ್ಟೆಯ ತೂತು ಈಗ ಹರಿದು ದೊಡ್ಡದಾಗಿದೆ. ಹಾಗೇ ಹೊಡೆಸಿದರೆ ನಿಲ್ಲುವುದಿಲ್ಲ. ಒಳಗಡೆ ಗಟ್ಟಿ ಕಾಟನ್ ತುಂಡು ಇಟ್ಟು ಸುತ್ತ ಹೊಲಿಸಿ, ಆಮೇಲೆ ಹೊಸ ತೂತು ಮಾಡಿಸಿ. ತೂತು ಕೊಳವೆಗಿಂತ ದೊಡ್ಡದಾಗಬಾರದು. ತುಂಡು ಸೇರಿಸಿದ ಮೇಲೆ ಬಟ್ಟೆ ದಪ್ಪವಾಗುತ್ತದೆ, ಕೊಳವೆ ಆ ದಪ್ಪಕ್ಕೆ ಸರಿ ಇದೆಯಾ ಅಂತ ಹೊಡೆಯುವವರಿಗೆ ನೆನಪಿಸಿ. ಹೊಡೆದ ಮೇಲೆ ಟೋಪಿಯನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ. ಸುಲಭವಾಗಿ ತಿರುಗಿದರೆ ಸುರುಳಿ ಸರಿಯಾಗಿ ಕೂತಿಲ್ಲ. ಅಲ್ಲೇ ನಿಂತು ಬಿಚ್ಚಿಸಿ, ಹೊಸ ಬಟನ್ ಹಾಕಿಸಿ. ಒಮ್ಮೆ ಮಡಚಿದ ಕೊಳವೆ ಮತ್ತೆ ಉಪಯೋಗಕ್ಕೆ ಬರುವುದಿಲ್ಲ.