ಪರಿಷ್ಕೃತ ಪಿಂಚಣಿ ತಪ್ಪಾಗಿ ನಿಗದಿಯಾದಾಗ ಬಟವಾಡೆ ಕಚೇರಿಗೆ ಬರೆಯುವ ಪತ್ರ

ಪ್ರಶ್ನೆ: ನನ್ನ ತಂದೆಯವರು ರಾಜ್ಯ ಸರ್ಕಾರಿ ನೌಕರರಾಗಿದ್ದು 2019ರಲ್ಲಿ ನಿವೃತ್ತರಾದರು. ಮೂಲ ಪಿಂಚಣಿ 24,000 ರೂ., ಅದರಲ್ಲಿ 8,000 ರೂ. ಕಮ್ಯುಟೇಶನ್ ಮಾಡಿಸಿದ್ದಾರೆ. ಏಳನೇ ವೇತನ ಆಯೋಗದ ನಂತರ ತುಟ್ಟಿಭತ್ಯೆ ಬಿಟ್ಟು 25,360 ರೂ. ಮಾತ್ರ ಜಮಾ ಆಗುತ್ತಿದೆ. ಇದು ಸರಿಯೇ? ಬ್ಯಾಂಕಿಗೆ ಹೇಗೆ ಬರೆಯಬೇಕು?

ಸರಿಯಲ್ಲ. ನಾನು ನಿವೃತ್ತ ಶಿಕ್ಷಕ. ನನ್ನ ಪಿಂಚಣಿಯಲ್ಲೂ ಇದೇ ತಪ್ಪಾಗಿತ್ತು, ಅದನ್ನು ಸರಿಪಡಿಸಲು ನಾನು ಎರಡು ಸಲ ಪತ್ರ ಬರೆಯಬೇಕಾಯಿತು. ಮೊದಲ ಪತ್ರದಲ್ಲಿ ‘ಪಿಂಚಣಿ ಕಡಿಮೆ ಬರುತ್ತಿದೆ, ಪರಿಶೀಲಿಸಿ’ ಎಂದಷ್ಟೇ ಬರೆದಿದ್ದೆ. ‘ಆದೇಶದಂತೆ ಪರಿಷ್ಕರಿಸಲಾಗಿದೆ’ ಎಂಬ ಒಂದು ಸಾಲಿನ ಉತ್ತರ ಬಂತು. ಎರಡನೆಯದರಲ್ಲಿ ಲೆಕ್ಕವನ್ನೇ ಬಿಡಿಸಿಟ್ಟ ಮೇಲೆ ತಪ್ಪು ಎಲ್ಲಿದೆಯೆಂದು ಅವರೇ ಕಂಡುಕೊಂಡರು.

2022ರ ಜುಲೈ 1ಕ್ಕಿಂತ ಮೊದಲು ನಿವೃತ್ತರಾದವರಿಗೆ ಲೆಕ್ಕ ಸರಳವಾಗಿದೆ. ಆಗಿನ ಮೂಲ ಪಿಂಚಣಿಗೆ ಶೇ. 31ರಷ್ಟು ತುಟ್ಟಿಭತ್ಯೆಯನ್ನೂ ಶೇ. 27.5ರಷ್ಟು ಫಿಟ್‌ಮೆಂಟನ್ನೂ ಸೇರಿಸಬೇಕು. ಆರ್ಥಿಕ ಲಾಭ ಸಿಗುವುದು 2024ರ ಆಗಸ್ಟ್ 1ರಿಂದ. ಇಲ್ಲಿ ಮೂಲ ಪಿಂಚಣಿ ಎಂದರೆ ಕಮ್ಯುಟೇಶನ್ ಕಳೆಯುವ ಮೊದಲಿನ ಪೂರ್ತಿ ಮೊತ್ತ. ನಿಮ್ಮ ತಂದೆಯವರ 24,000ಕ್ಕೆ 7,440 ಮತ್ತು 6,600 ಕೂಡಿದರೆ 38,040 ಆಗುತ್ತದೆ. ಕಮ್ಯುಟೇಶನ್ನಿನ 8,000 ರೂ. ನಿವೃತ್ತಿಯ ಸಮಯದಲ್ಲಿ ಇಡಿಗಂಟು ಪಡೆದು ಬಿಟ್ಟುಕೊಟ್ಟ ಭಾಗವಾದ್ದರಿಂದ ವೇತನ ಪರಿಷ್ಕರಣೆಯಿಂದ ಅದು ಹೆಚ್ಚುವುದಿಲ್ಲ. ಆದ್ದರಿಂದ ಕೈಗೆ ಬರಬೇಕಾದದ್ದು 30,040 ರೂ. ಮತ್ತು 38,040ರ ಮೇಲಿನ ತುಟ್ಟಿಭತ್ಯೆ. ತಿಂಗಳಿಗೆ 4,680 ರೂ. ಕೊರತೆಯಾಗಿದೆ, ಈ ಮೊತ್ತ 8,000ದ ಶೇ. 58.5 ಆಗಿರುವುದೇ ತಪ್ಪು ಕಮ್ಯುಟೇಶನ್ನಿನಲ್ಲಿದೆ ಎಂಬುದಕ್ಕೆ ಗುರುತು.

ಆದರೆ 25,360 ಎಂಬ ಅಂಕಿ ಎರಡು ದಾರಿಯಲ್ಲಿ ಬರಬಹುದು, ಪತ್ರ ಬರೆಯುವ ಮುನ್ನ ಯಾವುದೆಂದು ತಿಳಿದುಕೊಳ್ಳುವುದು ಒಳ್ಳೆಯದು. ಕಮ್ಯುಟೇಶನ್ ಕಳೆದು ಉಳಿದ 16,000ವನ್ನೇ ಮೂಲ ಪಿಂಚಣಿ ಎಂದು ತಿಳಿದು ಹೆಚ್ಚಿಸಿದ್ದರೂ 25,360 ಬರುತ್ತದೆ. 38,040ನ್ನು ಸರಿಯಾಗಿ ನಿಗದಿಪಡಿಸಿ, ಕಡಿತದ 8,000ವನ್ನೂ 12,680ಕ್ಕೆ ಏರಿಸಿ ಕಳೆದಿದ್ದರೂ ಅದೇ ಬರುತ್ತದೆ. ಇದನ್ನು ತುಟ್ಟಿಭತ್ಯೆಯ ಸಾಲು ಹೇಳಿಬಿಡುತ್ತದೆ, ಏಕೆಂದರೆ ತುಟ್ಟಿಭತ್ಯೆಯನ್ನು ಕಮ್ಯುಟೇಶನ್ ಕಳೆಯದ ಪೂರ್ತಿ ಪಿಂಚಣಿಯ ಮೇಲೆ ಲೆಕ್ಕ ಹಾಕಬೇಕು. 2024ರಲ್ಲಿದ್ದ ಶೇ. 8.5ರ ದರದಲ್ಲಿ ಅದು ಸುಮಾರು 3,233 ರೂ. ಇದ್ದರೆ ತಪ್ಪು ಕಡಿತದಲ್ಲಿದೆ. ಸುಮಾರು 2,156 ರೂ. ಇದ್ದರೆ ಮೂಲ ಪಿಂಚಣಿಯೇ ತಪ್ಪಾಗಿದೆ, ಆಗ ತುಟ್ಟಿಭತ್ಯೆಯಲ್ಲೂ ನಷ್ಟವಾಗುತ್ತಿದೆ. ಪಾಸ್‌ಬುಕ್‌ನಲ್ಲಿ ಒಟ್ಟು ಮೊತ್ತ ಮಾತ್ರ ಇರುವುದರಿಂದ ಬ್ಯಾಂಕಿನಿಂದ ಪಿಂಚಣಿ ಚೀಟಿಯನ್ನು ಕೇಳಿ ಪಡೆಯಿರಿ.

ಪತ್ರವನ್ನು ತಂದೆಯವರ ಸಹಿಯಲ್ಲಿ, ಪಿಂಚಣಿ ಖಾತೆಯಿರುವ ಶಾಖೆಯ ಮೂಲಕ ಬ್ಯಾಂಕಿನ ಪಿಂಚಣಿ ಕೇಂದ್ರಕ್ಕೆ ಕೊಡಿ. ಲೆಕ್ಕ ಹಾಕುವುದು ಆ ಕೇಂದ್ರವೇ ಹೊರತು ಶಾಖೆಯಲ್ಲ. ಒಕ್ಕಣೆ ಹೀಗಿರಲಿ:

‘ವಿಷಯ: ಪರಿಷ್ಕೃತ ಪಿಂಚಣಿಯ ತಪ್ಪು ನಿಗದಿಯನ್ನು ಸರಿಪಡಿಸುವ ಬಗ್ಗೆ (ಪಿ.ಪಿ.ಒ. ಸಂಖ್ಯೆ …).

ಮಾನ್ಯರೇ, ಪಿ.ಪಿ.ಒ. ಪ್ರಕಾರ ನನ್ನ ಮೂಲ ಪಿಂಚಣಿ ರೂ. 24,000; ಪರಿವರ್ತಿತ ಭಾಗ ರೂ. 8,000. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸಿನ ಮೇರೆಗೆ ಹೊರಡಿಸಿದ ಆದೇಶದಂತೆ ನನ್ನ ಪರಿಷ್ಕೃತ ಮೂಲ ಪಿಂಚಣಿ ರೂ. 38,040 ಆಗಬೇಕಿದ್ದು, ಪರಿವರ್ತಿತ ಭಾಗವನ್ನು ಕಳೆದು ರೂ. 30,040 ಹಾಗೂ ರೂ. 38,040ರ ಮೇಲಿನ ತುಟ್ಟಿಭತ್ಯೆ ಪಾವತಿಯಾಗಬೇಕು. ಆದರೆ 1-8-2024ರಿಂದ ತುಟ್ಟಿಭತ್ಯೆ ಹೊರತುಪಡಿಸಿ ರೂ. 25,360 ಮಾತ್ರ ಪಾವತಿಯಾಗುತ್ತಿದೆ. ದಯವಿಟ್ಟು ನನ್ನ ಪಿಂಚಣಿಯನ್ನು ಸರಿಪಡಿಸಿ, ಸದರಿ ದಿನಾಂಕದಿಂದ ಬರಬೇಕಾದ ವ್ಯತ್ಯಾಸದ ಮೊತ್ತವನ್ನು ಪಾವತಿಸಿ, ಲೆಕ್ಕಪಟ್ಟಿಯ ಪ್ರತಿಯನ್ನು ನನಗೆ ನೀಡಬೇಕೆಂದು ಕೋರುತ್ತೇನೆ.’

ತಪ್ಪು ಯಾವುದೆಂದು ಪಿಂಚಣಿ ಚೀಟಿಯಿಂದ ಖಚಿತವಾಗಿದ್ದರೆ ಅದನ್ನೂ ಒಂದು ವಾಕ್ಯದಲ್ಲಿ ಸೇರಿಸಿ. ಇಲ್ಲದಿದ್ದರೆ ಊಹಿಸಿ ಬರೆಯಬೇಡಿ. ಪಿ.ಪಿ.ಒ.ದಲ್ಲಿ ಪಿಂಚಣಿಯೂ ಪರಿವರ್ತಿತ ಭಾಗವೂ ನಮೂದಾಗಿರುವ ಪುಟದ ನಕಲನ್ನು ಲಗತ್ತಿಸಿ. ಎರಡನೇ ಪ್ರತಿಯ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಮುಂದೆ ಜ್ಞಾಪನಾ ಪತ್ರ ಬರೆಯಬೇಕಾದರೆ ಅದೇ ಆಧಾರ.

ಶೇ. 17ರ ಮಧ್ಯಂತರ ಪರಿಹಾರ 2024ರ ಆಗಸ್ಟ್‌ನಿಂದ ನಿಂತಿರುವುದನ್ನು ಮಾತ್ರ ಈ ಪತ್ರದಲ್ಲಿ ಪ್ರಶ್ನಿಸಬೇಡಿ. ಪರಿಷ್ಕೃತ ಪಿಂಚಣಿ ಬಂದ ಮೇಲೆ ಅದು ನಿಲ್ಲುವುದು ಸರಿಯೇ. ಅದನ್ನು ಸೇರಿಸಿದರೆ ನ್ಯಾಯವಾದ ದೂರಿನ ಉತ್ತರವೂ ಆ ಕಡೆಗೆ ಹೊರಳುತ್ತದೆ.