ದೊಡ್ಡ ಮಗುವಿನ ಹೊಟ್ಟೆಕಿಚ್ಚು: ಮೊದಲು ಹಾಲು ಕುಡಿಸುವ ಹೊತ್ತನ್ನು ನೋಡಿಕೊಳ್ಳಿ

ಪ್ರಶ್ನೆ: ನನಗೀಗ ಆರು ತಿಂಗಳು. ದೊಡ್ಡವಳಿಗೆ ನಾಲ್ಕು ವರ್ಷ, ನನ್ನನ್ನು ಬಿಟ್ಟು ಒಂದು ಗಳಿಗೆ ಇರಲ್ಲ. ಪಾಪು ಬರುತ್ತೆ ಅಂದರೆ "ಬೇಡ, ವಾಪಸ್ ಕಳಿಸು" ಅಂತಾಳೆ. ಈಗಿನಿಂದಲೇ ಅವಳನ್ನು ಹೇಗೆ ತಯಾರು ಮಾಡಲಿ? ಪಾಪು ಬಂದ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಏನು ಮಾಡಲಿ?

ನಾನು ಶಿಶುವಿಹಾರದ ಟೀಚರ್. ನನ್ನ ಇಬ್ಬರು ಮಕ್ಕಳ ನಡುವೆಯೂ ನಾಲ್ಕು ವರ್ಷದ ಅಂತರವಿದೆ. ತರಗತಿಯಲ್ಲಿ ಯಾರ ಮನೆಗಾದರೂ ಹೊಸ ಪಾಪು ಬಂತೆಂದರೆ ಅದು ದೊಡ್ಡ ಮಗುವಿನ ನಡವಳಿಕೆಯಲ್ಲೇ ಗೊತ್ತಾಗುತ್ತದೆ. ಬೆಳಿಗ್ಗೆ ಗೇಟಿನ ಹತ್ತಿರ ಅಮ್ಮನ ಬಟ್ಟೆ ಹಿಡಿದುಕೊಂಡು ಬಿಡುವುದಿಲ್ಲ, ಸ್ಪಷ್ಟವಾಗಿ ಮಾತಾಡುತ್ತಿದ್ದ ಮಗು ತೊದಲಲು ಶುರು ಮಾಡುತ್ತದೆ, ಚಡ್ಡಿ ಒದ್ದೆ ಮಾಡಿಕೊಳ್ಳುತ್ತದೆ. ಇಂಥ ಮಕ್ಕಳನ್ನು ನೋಡುತ್ತಾ ನನಗೆ ಗಟ್ಟಿಯಾಗಿರುವ ಅಭಿಪ್ರಾಯ ಇದು: ಈ ವಯಸ್ಸಿನಲ್ಲಿ ಸಿಟ್ಟು ಪಾಪುವಿನ ಮೇಲಲ್ಲ, ತನಗೆ ಸಿಗುತ್ತಿದ್ದ ಅಮ್ಮ ಈಗ ಸಿಗುತ್ತಿಲ್ಲ ಅನ್ನುವುದರ ಮೇಲೆ.

ಅಮ್ಮ ಅತಿ ಹೆಚ್ಚು ಕೈತಪ್ಪುವುದು ಹಾಲು ಕುಡಿಸುವಾಗ. ಲೆಕ್ಕ ಹಾಕಿ ನೋಡಿ. ಮೊದಲ ವಾರಗಳಲ್ಲಿ ಎದೆಹಾಲು ಕುಡಿಯುವ ಪಾಪು ದಿನಕ್ಕೆ 8ರಿಂದ 12 ಸಲ ಹಾಲು ಕೇಳುತ್ತದೆ. ಒಂದು ಸಲಕ್ಕೆ ಅರ್ಧ ಗಂಟೆ ಹಿಡಿದರೂ ದಿನಕ್ಕೆ ನಾಲ್ಕರಿಂದ ಆರು ಗಂಟೆ ಹೋಯಿತು. ಅಷ್ಟೂ ಹೊತ್ತು ನಿಮ್ಮ ಮಡಿಲು ಖಾಲಿಯಿಲ್ಲ, ಕೈ ಖಾಲಿಯಿಲ್ಲ, ಎದ್ದು ಬರುವ ಹಾಗಿಲ್ಲ. ನಿಮ್ಮನ್ನು ಬಿಟ್ಟಿರದ ಮಗುವಿಗೆ ಇದಕ್ಕಿಂತ ದೊಡ್ಡ ಬದಲಾವಣೆ ಬೇರೆ ಇಲ್ಲ. ಹಾಗಾಗಿ ತಯಾರಿಯಲ್ಲಿ ಹೆಚ್ಚಿನ ಪಾಲು ಈ ಹೊತ್ತಿಗೇ ಇರಲಿ.

ಮೊದಲು "ವಾಪಸ್ ಕಳಿಸು" ಅನ್ನುವ ಮಾತಿಗೆ ಬರುತ್ತೇನೆ. ಅದಕ್ಕೆ "ಛೇ, ಹಾಗೆಲ್ಲ ಅನ್ನಬಾರದು" ಎಂದು ಬಾಯಿ ಮುಚ್ಚಿಸಬೇಡಿ. ನಾಲ್ಕು ವರ್ಷದ ಮಕ್ಕಳು ತಾವು ಮನಸ್ಸಲ್ಲಿ ಅಂದುಕೊಂಡದ್ದು ನಿಜವಾಗಿಬಿಡುತ್ತದೆ ಎಂದು ನಂಬುತ್ತಾರೆ. ಇವತ್ತು ಬೇಡ ಅಂದವಳು ನಾಳೆ ನಿಮಗೆ ಮೈಗೆ ಹುಷಾರಿಲ್ಲದಿದ್ದರೆ ಅದು ತನ್ನಿಂದಲೇ ಆಯಿತು ಎಂದು ಒಳಗೊಳಗೇ ಹೆದರಬಹುದು. "ನಿಂಗೆ ಪಾಪು ಬೇಡ ಅನ್ನಿಸ್ತಿದೆ ಅಲ್ವಾ? ಅಮ್ಮ ನಿನ್ನ ಜೊತೆ ಇರಲ್ವೇನೋ ಅಂತ ಭಯ ಆಗ್ತಿದ್ಯಾ?" ಎಂದು ಕೇಳಿ, ಅವಳು ಏನು ಹೇಳುತ್ತಾಳೋ ಕೇಳಿಸಿಕೊಳ್ಳಿ. ಆಮೇಲೆ "ನೀನು ಹಾಗಂದ್ರೆ ಪಾಪುಗೆ ಏನೂ ಆಗಲ್ಲ, ಅಮ್ಮಂಗೂ ಏನೂ ಆಗಲ್ಲ. ಪಾಪು ಬರುತ್ತೆ, ನೀನೂ ನನ್ನ ಹತ್ರಾನೇ ಇರ್ತೀಯ" ಅನ್ನಿ. ಅಷ್ಟು ಸಾಕು, ಖುಷಿಪಡು ಎಂದು ಒತ್ತಾಯಿಸಬೇಡಿ.

"ಪಾಪು ಬಂದ್ರೆ ನಿನ್ನ ಜೊತೆ ಆಟ ಆಡುತ್ತೆ" ಎಂದು ಯಾರೂ ಹೇಳದಂತೆ ನೋಡಿಕೊಳ್ಳಿ. ಮನೆಯ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಅದು ಉಳಿಸಿಕೊಳ್ಳಲಾಗದ ಮಾತು. ಹುಟ್ಟಿದ ಪಾಪುವಿಗೆ ಒಂದು ಅಡಿ ಆಚೆಗಿನ ಮುಖವೂ ಸರಿಯಾಗಿ ಕಾಣುವುದಿಲ್ಲ. ಇವಳನ್ನು ನೋಡಿ ನಗಲು ಆರರಿಂದ ಎಂಟು ವಾರ ಬೇಕು, ಜೊತೆಯಲ್ಲಿ ಆಡಲು ವರ್ಷದ ಮೇಲಾಗುತ್ತದೆ. ಇದ್ದದ್ದನ್ನೇ ಹೇಳಿ: ಪಾಪು ಮಲಗುತ್ತೆ, ಅಳುತ್ತೆ, ಹಾಲು ಕುಡಿಯುತ್ತೆ, ಮತ್ತೆ ಮಲಗುತ್ತೆ. ಹೇಳುವಾಗ ಅವಳದೇ ಹಳೆಯ ಫೋಟೋಗಳನ್ನು ತೋರಿಸಿ. "ನೀನೂ ರಾತ್ರಿಯೆಲ್ಲ ಅಳ್ತಿದ್ದೆ, ನಾನು ಹೀಗೇ ಎತ್ಕೊಂಡು ಓಡಾಡ್ತಿದ್ದೆ" ಅನ್ನುವುದು ಈ ಮಕ್ಕಳಿಗೆ ಎಷ್ಟು ಸಲ ಕೇಳಿದರೂ ಬೇಜಾರಾಗದ ಕಥೆ. ಪಾಪುವಿಗೆ ಸಿಗಲಿರುವ ಆರೈಕೆ ತನಗೂ ಸಿಕ್ಕಿತ್ತು ಎಂಬುದು ಅವಳಿಗೆ ತಿಳಿಯುವುದು ಹೀಗೆ.

ಮೂರು ತಿಂಗಳು ಎಂದರೆ ಎಷ್ಟು ಎಂದು ಅವಳಿಗೆ ಅರ್ಥವಾಗುವುದಿಲ್ಲ. ಅವಳಿಗೆ ಗೊತ್ತಿರುವ ಯಾವುದಾದರೂ ಸಂಗತಿಗೆ ಗಂಟು ಹಾಕಿ, "ನಿನ್ನ ರಜ ಮುಗಿದ ಮೇಲೆ" ಅನ್ನುವ ಹಾಗೆ. ದಿನ ಎಣಿಸುವುದು ಕೊನೆಯ ತಿಂಗಳಿಗಿರಲಿ. ಆದರೆ ಹಾಸಿಗೆ ಬದಲಿಸುವುದು, ಬೇರೆ ಕೋಣೆಗೆ ಹಾಕುವುದು, ಹೊಸ ಶಾಲೆಗೆ ಸೇರಿಸುವುದು ಇಂಥದ್ದೇನಾದರೂ ಇದ್ದರೆ ಈಗಲೇ ಮುಗಿಸಿ. ಇಲ್ಲವಾದರೆ ಹೆರಿಗೆಯಾಗಿ ಕೆಲವು ತಿಂಗಳು ಕಳೆಯುವವರೆಗೆ ಮುಟ್ಟಬೇಡಿ. ಪಾಪು ಬಂದ ವಾರವೇ ಇವಳ ಜಾಗ ಬದಲಾದರೆ ಪಾಪುವೇ ತನ್ನನ್ನು ಹೊರಗೆ ಹಾಕಿತು ಎಂದು ಅವಳು ತಿಳಿಯುತ್ತಾಳೆ.

ಆಸ್ಪತ್ರೆಯ ದಿನಗಳಿಗೆ ಅವಳನ್ನು ಯಾರು ಮಲಗಿಸುತ್ತಾರೋ ಅವರು ಈಗಿನಿಂದಲೇ ವಾರಕ್ಕೆ ಒಂದೆರಡು ರಾತ್ರಿ ಮಲಗಿಸಲಿ. ಅಪ್ಪನಾಗಲಿ ಅಜ್ಜಿಯಾಗಲಿ, ಮೊದಲ ರಾತ್ರಿ ಅಳು ಇದ್ದೇ ಇರುತ್ತದೆ. ಅದು ನೀವು ಪಕ್ಕದ ಕೋಣೆಯಲ್ಲಿರುವಾಗಲೇ ಮುಗಿದು ಹೋಗುವುದು ಒಳ್ಳೆಯದು. ನೋವು ನಡುರಾತ್ರಿ ಶುರುವಾದರೆ ಏನಾಗುತ್ತದೆ ಎಂಬುದನ್ನೂ ಮುಂಚೆಯೇ ಹೇಳಿಡಿ: "ನೀನು ಎದ್ದಾಗ ನಾನಿಲ್ದೇ ಇದ್ರೆ ಆಸ್ಪತ್ರೆಗೆ ಹೋಗಿದೀನಿ ಅಂತ. ಅಜ್ಜಿ ಪಕ್ಕದಲ್ಲೇ ಇರ್ತಾರೆ. ಪಾಪು ಕರ್ಕೊಂಡು ವಾಪಸ್ ಬರ್ತೀನಿ." ಅವಳು ಆಸ್ಪತ್ರೆಗೆ ಮೊದಲ ಸಲ ಬಂದಾಗ ಪಾಪು ತೊಟ್ಟಿಲಲ್ಲೋ ಬೇರೆಯವರ ಕೈಯಲ್ಲೋ ಇರಲಿ, ನಿಮ್ಮೆರಡೂ ಕೈ ಅವಳಿಗಿರಲಿ. ಪಾಪುವನ್ನು ನೋಡುವ ಹೊತ್ತನ್ನು ಅವಳೇ ಆರಿಸಿಕೊಳ್ಳಲಿ.

ಈಗ ಹಾಲಿನ ವಿಷಯ. ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ನಾನು ಪಾಪುವನ್ನು ಎದೆಗೆ ಹಚ್ಚಿಕೊಂಡು ಕೂತ ಕ್ಷಣಕ್ಕೇ ಮಗನಿಗೆ "ಅಮ್ಮಾ, ಕಕ್ಕ ಬಂತು!" ಪ್ರತಿ ಸಲವೂ ಇದೇ. ಬೇರೆ ಯಾರು ಕರೆದೊಯ್ದರೂ ಆಗದು, ನಾನೇ ಆಗಬೇಕು. ಅವನು ಸುಳ್ಳು ಹೇಳುತ್ತಿರಲಿಲ್ಲ, ಅಮ್ಮ ಬೇಕು ಅನ್ನುವುದಕ್ಕೆ ಅವನ ಹತ್ತಿರ ಇದ್ದ ಅತಿ ಬಲವಾದ ಕಾರಣವೇ ಅದು. ಹಾಗಾಗಿ ಕ್ರಮವನ್ನೇ ತಿರುಗಿಸಿದೆ. ಪಾಪು ಬಾಯಿ ಚಪ್ಪರಿಸಲು, ಕೈ ಬಾಯಿಗೆ ಹಾಕಿಕೊಳ್ಳಲು ಶುರು ಮಾಡಿದರೆ ಹಸಿವಿನ ಮೊದಲ ಸೂಚನೆ. ಜೋರಾಗಿ ಅಳುವುದು ಆಮೇಲಿನದು. ಆ ನಡುವಿನ ಕೆಲವು ನಿಮಿಷಗಳಲ್ಲಿ ಮಗನನ್ನೇ ಮೊದಲು ಬಚ್ಚಲಿಗೆ ಕರೆದೊಯ್ಯುತ್ತಿದ್ದೆ, ಕುಡಿಯುವ ನೀರನ್ನು ಪಕ್ಕದಲ್ಲಿಡುತ್ತಿದ್ದೆ, ಆಮೇಲೆ ಕೂರುತ್ತಿದ್ದೆ. ಪಾಪುವನ್ನು ಬಲಗಡೆ ಹಿಡಿದರೆ ಎಡಗಡೆ ಅವನ ಜಾಗ. ಹಾಲಿನ ಹೊತ್ತಿಗೆ ಮಾತ್ರ ತೆಗೆಯುವ ಒಂದು ಡಬ್ಬಿ ಇತ್ತು. ಎರಡು ಚಿತ್ರದ ಪುಸ್ತಕ, ಬಣ್ಣದ ಪೆನ್ಸಿಲ್, ಜೋಡಿಸುವ ತುಂಡುಗಳು ಅದರಲ್ಲಿರುತ್ತಿದ್ದವು. ಒಳಗಿನ ಸಾಮಾನನ್ನು ಆಗಾಗ ಬದಲಿಸುತ್ತಿದ್ದೆ. ಪುಟ ತಿರುಗಿಸುವುದು ಅವನ ಕೆಲಸ, ಓದುವುದು ನನ್ನದು. ಬರಬರುತ್ತಾ ಪಾಪು ಚಪ್ಪರಿಸಿದರೆ ಅವನೇ ಡಬ್ಬಿ ತಂದು ಎಡಗಡೆ ಕೂತುಬಿಡುತ್ತಿದ್ದ.

ನಿಮ್ಮ ಮಗಳು ತನಗೂ ಎದೆಹಾಲು ಬೇಕು ಎಂದು ಕೇಳಬಹುದು. ಗಾಬರಿಯಾಗಬೇಡಿ, ನಗಬೇಡಿ. ನಿಮಗೆ ಇಷ್ಟವಿಲ್ಲದಿದ್ದರೆ "ಇದು ಪಾಪು ಊಟ, ನಿಂಗೆ ಲೋಟದಲ್ಲಿ ಕೊಡ್ತೀನಿ, ಇಲ್ಲೇ ಒರಗಿಕೊಂಡು ಕುಡಿ" ಅನ್ನಬಹುದು. ತೊದಲಿದರೆ, ಎತ್ತಿಕೋ ಅಂದರೆ, ತುತ್ತು ಕೊಡು ಅಂದರೆ ಸ್ವಲ್ಪ ದಿನ ಒಪ್ಪಿಕೊಳ್ಳಿ. ಹೆರಿಗೆಯಾದ ಮೇಲೆ ಭಾರ ಎತ್ತಬಾರದು ಎಂದಿದ್ದರೆ ಕೂತಲ್ಲೇ ಮಡಿಲಿಗೆ ಕರೆದುಕೊಳ್ಳಿ. "ನೀನೀಗ ದೊಡ್ಡವಳು" ಅನ್ನುವ ಮಾತು ಈ ಹೊತ್ತಿನಲ್ಲಿ ಕೆಲಸ ಮಾಡುವುದಿಲ್ಲ, ಯಾಕೆಂದರೆ ದೊಡ್ಡವಳಾದದ್ದಕ್ಕೇ ಅಮ್ಮನನ್ನು ಕಳೆದುಕೊಂಡೆ ಅನ್ನಿಸಿದೆ ಅವಳಿಗೆ.

ಇನ್ನೊಂದು ಸಣ್ಣ ವಿಷಯ, ಆದರೆ ಇದರ ಪರಿಣಾಮ ದೊಡ್ಡದು. ದಿನವಿಡೀ ಅವಳ ಕಿವಿಗೆ ಬೀಳುವುದು "ಮೆಲ್ಲಗೆ, ಪಾಪು ಮಲಗಿದೆ", "ತಡಿ, ಪಾಪುಗೆ ಹಾಲು ಕೊಡ್ತಿದೀನಿ" ಇಂಥವೇ. ಎಲ್ಲ ಬೇಡಗಳಿಗೂ ಪಾಪುವೇ ಕಾರಣವಾಗುತ್ತದೆ. "ಕೈ ಖಾಲಿ ಆಗ್ಲಿ, ಬರ್ತೀನಿ" ಅಂದರೂ ಅರ್ಥ ಅದೇ, ಪಾಪುವಿನ ಹೆಸರು ಬರುವುದಿಲ್ಲ. ಹಾಗೆಯೇ ದಿನಕ್ಕೆ ಒಂದೆರಡು ಸಲ ಉಲ್ಟಾ ಮಾತು ಅವಳಿಗೆ ಕೇಳಿಸಲಿ: "ಪಾಪೂ, ಸ್ವಲ್ಪ ತಡಿ, ಅಕ್ಕಂಗೆ ಗುಂಡಿ ಹಾಕಿ ಬರ್ತೀನಿ." ಪಾಪುವಿಗೆ ಇದರಿಂದ ನಷ್ಟವಿಲ್ಲ. ಅಕ್ಕನ ಮುಖ ಆಗ ಹೇಗೆ ಬದಲಾಗುತ್ತದೆ ಎಂದು ನೀವೇ ನೋಡಿ.

ದಿನಕ್ಕೆ ಹತ್ತು ಹದಿನೈದು ನಿಮಿಷ ಅವಳೊಬ್ಬಳಿಗೇ ಮೀಸಲಿಡಿ. ಪಾಪುವನ್ನು ಅಪ್ಪ ಎತ್ತಿಕೊಳ್ಳಲಿ, ಫೋನ್ ಬೇರೆ ಕೋಣೆಯಲ್ಲಿರಲಿ, ಆಟ ಅವಳು ಹೇಳಿದ್ದು. ಸಾಮಾನ್ಯವಾಗಿ ಮನೆಗಳಲ್ಲಿ ದೊಡ್ಡ ಮಗುವನ್ನು ಅಪ್ಪನೇ ಹೊರಗೆ ಕರೆದೊಯ್ಯುತ್ತಾರೆ, ಪಾಪು ಅಮ್ಮನ ಹತ್ತಿರವೇ ಉಳಿಯುತ್ತದೆ. ಒಳ್ಳೆಯದೇ, ಆದರೆ ಅವಳಿಗೆ ಕೊರತೆಯಾಗಿರುವುದು ನಿಮ್ಮದು, ಹಾಗಾಗಿ ಈ ಹದಿನೈದು ನಿಮಿಷ ನಿಮ್ಮದೇ ಆಗಿರಬೇಕು. ಅವಳು ಅವತ್ತು ಎಷ್ಟೇ ಹಟ ಮಾಡಿರಲಿ, ಅದನ್ನು ಶಿಕ್ಷೆಯಾಗಿ ಕಿತ್ತುಕೊಳ್ಳಬೇಡಿ.

ಇಷ್ಟೆಲ್ಲ ಮಾಡಿದರೂ ಒಂದು ದಿನ ಅವಳು ಪಾಪುವನ್ನು ಚಿವುಟಬಹುದು, ಅಥವಾ ಮುದ್ದು ಮಾಡುವ ನೆಪದಲ್ಲಿ ಉಸಿರುಗಟ್ಟುವಷ್ಟು ಬಿಗಿಯಾಗಿ ತಬ್ಬಬಹುದು. ಕೈಯನ್ನು ಮೃದುವಾಗಿ ಹಿಡಿದು ನಿಲ್ಲಿಸಿ, "ಚಿವುಟೋಕೆ ಬಿಡಲ್ಲ. ನಿಂಗೆ ಸಿಟ್ಟು ಬಂದಿದೆ, ನಂಗೆ ಬಂದು ಹೇಳು" ಅನ್ನಿ. ಉದ್ದ ಬುದ್ಧಿಮಾತು ಬೇಡ, ಹೊಡೆತವಂತೂ ಬೇಡವೇ ಬೇಡ. ಮುಟ್ಟಲೇಬೇಡ ಎಂದು ದೂರ ಇಡುವ ಬದಲು ಪಾದ ಹೇಗೆ ಸವರಬೇಕು ಎಂದು ಅವಳ ಕೈ ಹಿಡಿದು ತೋರಿಸಿ. ನೆತ್ತಿಯ ಮೆತ್ತನೆ ಜಾಗವನ್ನು ಒತ್ತಬಾರದು ಎಂದೂ ಹೇಳಿಕೊಡಿ. ಅವಳು ಎಷ್ಟೇ ಜಾಣೆಯಾಗಿದ್ದರೂ, ಬಾಗಿಲು ತೆಗೆದು ಬರುವಷ್ಟು ಹೊತ್ತು ಕೂಡ ಇಬ್ಬರನ್ನೇ ಬಿಡಬೇಡಿ. ಪಾಪುವನ್ನು ಜೊತೆಗೆ ಎತ್ತಿಕೊಂಡೇ ಹೋಗಿ.

ಹಾಸಿಗೆ ಒದ್ದೆ ಮಾಡುವುದು, ತೊದಲುವುದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಆದರೆ ಎಲ್ಲವನ್ನೂ ಪಾಪುವಿನ ಲೆಕ್ಕಕ್ಕೆ ಬರೆಯಬೇಡಿ. ಮೂತ್ರ ಮಾಡುವಾಗ ಉರಿ, ಜ್ವರ ಇದ್ದರೆ ಅದು ಸೋಂಕಿರಬಹುದು, ಮಕ್ಕಳ ಡಾಕ್ಟರಿಗೆ ತೋರಿಸಿ. ವಿಪರೀತ ಬಾಯಾರಿಕೆಯಾಗಿ ಪದೇಪದೇ ಮೂತ್ರಕ್ಕೆ ಹೋಗುತ್ತಾ ತೂಕ ಇಳಿಯುತ್ತಿದ್ದರೆ ಸಕ್ಕರೆ ಕಾಯಿಲೆ ಇರಬಹುದು, ಅವತ್ತೇ ತೋರಿಸಿ. ಊಟ ನಿದ್ದೆ ಕೆಟ್ಟು ವಾರಗಟ್ಟಲೆ ಸರಿಹೋಗದಿದ್ದರೆ, ಪಾಪುವಿಗೆ ನೋವು ಮಾಡುವುದು ನಿಲ್ಲದೇ ಇದ್ದರೆ ಆಗಲೂ ಡಾಕ್ಟರ ಹತ್ತಿರ ಮಾತಾಡಿ.

ಮೊದಲ ತಿಂಗಳು ಅವಳು ಏನೂ ಗಲಾಟೆ ಮಾಡದಿದ್ದರೆ ಮುಗಿಯಿತು ಎಂದುಕೊಳ್ಳಬೇಡಿ. ತುಂಬಾ ಮಕ್ಕಳಲ್ಲಿ ನಿಜವಾದ ಜಗಳ ಶುರುವಾಗುವುದು ಪಾಪು ಅಂಬೆಗಾಲಿಟ್ಟು ಅವರ ಆಟಿಕೆಗೆ ಕೈ ಹಾಕಿದಾಗ, ಅಂದರೆ ಏಳೆಂಟು ತಿಂಗಳ ಆಸುಪಾಸಿನಲ್ಲಿ. ಆಗ "ಪಾಪು ಅಲ್ವಾ, ಕೊಡು" ಅನ್ನುವ ಮಾತು ಬೇಡ. ಪಾಪುವಿಗೆ ಎಟುಕದ ಒಂದು ಮೇಜು ಅಕ್ಕನದಾಗಲಿ. ಅದರ ಮೇಲಿಟ್ಟದ್ದನ್ನು ಅವಳು ಹಂಚಿಕೊಳ್ಳಬೇಕಿಲ್ಲ. ಸಣ್ಣ ತುಂಡುಗಳೂ ಅಲ್ಲೇ ಇದ್ದರೆ ಪಾಪುವಿನ ಬಾಯಿಗೂ ಹೋಗುವುದಿಲ್ಲ.