‘ಹೋಗಿದ್ದೆ’ ಎಲ್ಲವೂ ‘ಹ್ಯಾಡ್ ಗಾನ್’ ಅಲ್ಲ

ಪ್ರಶ್ನೆ: ಗಂಗಾವತಿಯಲ್ಲಿ ಪಿಯುಸಿ ಓದುತ್ತಿದ್ದೇನೆ. ಇಂಗ್ಲಿಷಿನಲ್ಲಿ ಭೂತಕಾಲದ ಸಣ್ಣ ಕಥೆ ಬರೆದು, ಅದರೊಳಗೆ ಪಾಸ್ಟ್ ಪರ್ಫೆಕ್ಟ್‌ನಲ್ಲಿ ಒಂದು ಫ್ಲ್ಯಾಶ್‌ಬ್ಯಾಕ್ ತರಲು ಮೇಡಂ ಹೇಳಿದ್ದರು. ಬರೆದುಕೊಟ್ಟೆ. ಅರ್ಧಕ್ಕರ್ಧ ‘ಹ್ಯಾಡ್’ಗಳಿಗೆ ಕೆಂಪು ಗೆರೆ ಎಳೆದಿದ್ದಾರೆ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮನ್ನು ದಾರಿ ತಪ್ಪಿಸಿದ್ದು ನಮ್ಮ ಮಾತೇ ಇರಬೇಕು. ನಮ್ಮ ಕಡೆ ‘ನಿನ್ನಿ ಹೊಸಪೇಟಿಗೆ ಹೋಗಿದ್ನಿ’ ಅಂತೀವಿ. ಹೋದೆ, ಬಂದೆ, ಮುಗೀತು, ಅಷ್ಟೇ ಅರ್ಥ. ಇಂಗ್ಲಿಷಿನಲ್ಲಿ ಇದಕ್ಕೆ ‘ವೆಂಟ್’ ಸಾಕು. ‘ಹ್ಯಾಡ್ ಗಾನ್’ ಅಂದರೆ ಕೇಳುವವರು ‘ಯಾವುದಕ್ಕಿಂತ ಮುಂಚೆ?’ ಎಂದು ಕಾಯುತ್ತಾರೆ. ಕಳೆದುಹೋದ ಒಂದು ಗಳಿಗೆಯಲ್ಲಿ ನಿಂತು, ಅದಕ್ಕೂ ಹಿಂದಿನದನ್ನು ನೋಡುವಾಗ ಮಾತ್ರ ‘ಹ್ಯಾಡ್’ ಬೇಕು. ಕ್ರಿಯಾಪದದ ಮುಂದೆ ‘ಅಷ್ಟೊತ್ತಿಗಾಗಲೇ’ ಇಟ್ಟು ನೋಡಿ. ಕೂತರೆ ಹಾಕಿ, ತೊಡಕಾದರೆ ಬಿಡಿ.

ನಿಮ್ಮೂರಿನದೇ ಕಥೆ ಕಟ್ಟೋಣ. ನವೆಂಬರ್ ಬೆಳಗು, ಅಪ್ಪ ಬದುವಿನ ಮೇಲೆ ನಿಂತಿದ್ದಾನೆ, ಭತ್ತ ಕೊಯ್ಯುವ ಮಷಿನ್ ಗದ್ದೆಗಿಳಿಯುತ್ತದೆ. ಇಲ್ಲಿ ‘ಸ್ಟುಡ್’, ‘ಎಂಟರ್ಡ್’ ಸಾಕು. ಅಪ್ಪನಿಗೆ 2024ರ ಆಗಸ್ಟ್ 10ರ ರಾತ್ರಿ ನೆನಪಾಗುತ್ತದೆ, ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋದ ರಾತ್ರಿ. ಫೋನ್ ಬಂದಿತ್ತು: ‘ಹ್ಯಾಡ್ ರಂಗ್’. ಗೇಟು ಹೋಯಿತೆಂದು ಕಾಕಾ ಹೇಳಿದ್ದ: ‘ಹ್ಯಾಡ್ ಸೆಡ್’. ಈ ಎರಡು ವಾಕ್ಯಕ್ಕೆ ಓದುಗ ಆಗಸ್ಟಿಗೆ ಇಳಿದಾಯಿತು. ಆಮೇಲೆ ಅಪ್ಪ ಚಪ್ಪಲಿ ಮೆಟ್ಟದೆ ಎಡದಂಡೆ ಕಾಲುವೆಯ ಕಡೆ ನಡೆದ, ಕತ್ತಲಲ್ಲಿ ನೀರು ನೋಡುತ್ತ ಕೂತ. ಇಲ್ಲಿ ‘ವಾಕ್ಡ್’, ‘ಸ್ಯಾಟ್’ ಎಂದೇ ಬರೆಯಬಹುದು. ಸಾಲುಸಾಲಿಗೂ ‘ಹ್ಯಾಡ್’ ಬಂದರೆ ಕಥೆ ಪೊಲೀಸ್ ಪಂಚನಾಮೆ ಆಗುತ್ತದೆ. ಆದರೆ ಫ್ಲ್ಯಾಶ್‌ಬ್ಯಾಕ್ ಮೂರ್ನಾಲ್ಕು ವಾಕ್ಯದ್ದೇ ಆಗಿದ್ದರೆ ಕೊನೆತನಕ ‘ಹ್ಯಾಡ್’ ಇಟ್ಟರೂ ಭಾರವಾಗದು. ಅಂಕ ಇರುವುದು ಆ ರೂಪಕ್ಕೇ ಆದ್ದರಿಂದ ನಿಮಗೆ ಅದೇ ಕ್ಷೇಮ.

ಹೆಚ್ಚಿನವರು ಎಡವುವುದು ವಾಪಸ್ ಬರುವಲ್ಲಿ. ಒಳಗಿನ ವಾಕ್ಯಗಳೂ ಹೊರಗಿನ ಕಥೆಯೂ ಒಂದೇ ಸಾದಾ ಭೂತಕಾಲದಲ್ಲಿ ಇರುವುದರಿಂದ, ಅಪ್ಪ ಇನ್ನೂ ಕಾಲುವೆ ದಂಡೆಯಲ್ಲೇ ಕೂತಿದ್ದಾನೆ ಅನ್ನಿಸಿಬಿಡುತ್ತದೆ. ಹೊರಡುವಾಗ ಬಿಟ್ಟುಬಂದ ವಸ್ತುವನ್ನೇ ಮತ್ತೆ ಹಿಡಿಯಿರಿ: ‘ಮಷಿನ್ ಸದ್ದು ನಿಂತಿತು, ಅಪ್ಪ ತಲೆ ಎತ್ತಿದ’. ಹೊಸ ಪ್ಯಾರಾದಲ್ಲಿ ಸಾದಾ ‘ಸ್ಟಾಪ್ಡ್’ ಬಂದರೆ ಓದುಗನೂ ನವೆಂಬರಿಗೆ ಮರಳುತ್ತಾನೆ. ಸರಿಯಾಯಿತೇ ಎಂದು ತಿಳಿಯಲು ಫ್ಲ್ಯಾಶ್‌ಬ್ಯಾಕನ್ನು ಕೈಯಿಂದ ಮುಚ್ಚಿ ಓದಿ. ಹಿಂದಿನ ವಾಕ್ಯಕ್ಕೆ ಮುಂದಿನದು ತಾನಾಗಿ ಅಂಟಬೇಕು.

ಇನ್ನು ಉದ್ಧರಣ ಚಿಹ್ನೆಯೊಳಗಿನ ಮಾತಿಗೆ ಈ ಲೆಕ್ಕ ಹಚ್ಚಬೇಡಿ. ‘ಗೇಟು ಹೋತೋ ಯಣ್ಣಾ’ ಎಂದು ಕಾಕಾ ಫೋನಿನಲ್ಲಿ ಕೂಗುವಾಗ ಅವನಿಗೆ ಅದು ಆಗಷ್ಟೇ ಆದದ್ದು, ಅಲ್ಲಿ ‘ಹ್ಯಾಸ್ ಗಾನ್’ ಬರುತ್ತದೆ.